ಪಡೆದ ಅಂಕ ಮತ್ತು ಶೇಕಡಾ ಮಾತ್ರ ಗೊತ್ತಿದ್ದರೆ ಒಟ್ಟು ಅಂಕ ಹುಡುಕುವುದು

ಸುಲಭದ ಲೆಕ್ಕದಿಂದ ಶುರು ಮಾಡೋಣ. ಒಬ್ಬರಿಗೆ 468 ಅಂಕ ಬಂದಿದೆ, ಅದು ಶೇ 78. ಹಾಗಾದರೆ ಒಟ್ಟು ಎಷ್ಟು ಅಂಕಕ್ಕೆ ಪರೀಕ್ಷೆ ನಡೆದಿತ್ತು?

ಶೇ 78 ಅಂದರೆ ಒಟ್ಟು ಅಂಕವನ್ನು 100 ಸಮ ಭಾಗ ಮಾಡಿ ಅದರಲ್ಲಿ 78 ಭಾಗ ಸಿಕ್ಕಿದೆ ಅಂತ. ಆ 78 ಭಾಗ ಸೇರಿ 468. ಒಂದು ಭಾಗಕ್ಕೆ 468 ÷ 78 = 6. ನೂರು ಭಾಗಕ್ಕೆ 600. ಅಷ್ಟೇ. ಸೂತ್ರವಾಗಿ ಬರೆದರೆ ಹೀಗೆ:

ಒಟ್ಟು ಅಂಕ = ಪಡೆದ ಅಂಕ × 100 ÷ ಶೇಕಡಾ

ಇಲ್ಲಿ ಜಾಸ್ತಿ ಜನ ಮಾಡುವ ತಪ್ಪು ಒಂದಿದೆ. "ಶೇ 78 ಸಿಕ್ಕಿದೆ, ಅಂದರೆ ಶೇ 22 ಕಳೆದುಹೋಗಿದೆ, ಆ 22ನ್ನು 468ಕ್ಕೆ ಸೇರಿಸಿಬಿಟ್ಟರೆ ಆಯ್ತು" ಅಂದುಕೊಂಡು 468ರ ಶೇ 22 ತೆಗೆದು ಕೂಡಿಸುತ್ತಾರೆ. ಉತ್ತರ ಸುಮಾರು 571 ಬರುತ್ತದೆ. ನೋಡೋಕೆ ಸರಿಯಾಗೇ ಇದೆ, ಅದಕ್ಕೇ ಇದು ಅಪಾಯ. ಕಳೆದುಹೋದ ಶೇ 22 ಒಟ್ಟು ಅಂಕದ ಮೇಲಿನದು, ಪಡೆದ ಅಂಕದ ಮೇಲಿನದಲ್ಲ. 468 ÷ 571 ಮಾಡಿ ನೋಡಿ, ಶೇ 82ರ ಹತ್ತಿರ ಬರುತ್ತದೆ, 78 ಬರುವುದಿಲ್ಲ. ಉತ್ತರ ಬಂದ ಮೇಲೆ ಹೀಗೆ ಹಿಂದಕ್ಕೆ ಲೆಕ್ಕ ಹಾಕುವುದಕ್ಕೆ ಅರ್ಧ ನಿಮಿಷವೂ ಬೇಡ.

ಇನ್ನು ನಿಜವಾದ ತೊಡಕಿಗೆ ಬರೋಣ. ಅಂಕಪಟ್ಟಿಯಲ್ಲಿ ಬರೆದಿರುವ ಶೇಕಡಾ ಹೆಚ್ಚಾಗಿ ಪೂರ್ತಿ ಶೇಕಡಾ ಅಲ್ಲ, ರೌಂಡ್ ಮಾಡಿದ್ದು. ಉದಾಹರಣೆಗೆ 29 ಅಂಕ, ಶೇ 36. ಸೂತ್ರ ಹಾಕಿದರೆ 2900 ÷ 36 = 80.56. ಒಟ್ಟು ಅಂಕ ದಶಮಾಂಶದಲ್ಲಿ ಇರೋದಿಲ್ಲ ಅಲ್ವಾ, ಹಾಗಾಗಿ ಸುಮ್ನೆ ಹತ್ತಿರದ ಸಂಖ್ಯೆ 81 ಅಂತ ಬರೆಯುವ ಮನಸ್ಸಾಗುತ್ತದೆ. ಬರೆಯಬೇಡಿ.

ಶೇ 36 ಅಂತ ಬರೆದಿದ್ದಾರೆ ಅಂದರೆ ನಿಜವಾದ ಶೇಕಡಾ 35.5ರಿಂದ 36.5ರ ಒಳಗೆ ಎಲ್ಲಿ ಬೇಕಾದರೂ ಇರಬಹುದು. ಆದ್ದರಿಂದ ಎರಡೂ ತುದಿ ಹಾಕಿ ನೋಡಬೇಕು. 2900 ÷ 36.5 = 79.45, 2900 ÷ 35.5 = 81.69. ಶೇಕಡಾ ಹೆಚ್ಚಾದರೆ ಒಟ್ಟು ಅಂಕ ಕಡಿಮೆಯಾಗುತ್ತದೆ, ಅದಕ್ಕೇ ದೊಡ್ಡ ಶೇಕಡಾದಿಂದ ಚಿಕ್ಕ ಉತ್ತರ ಬಂತು. ಈ ಎರಡರ ನಡುವೆ ಇರುವ ಪೂರ್ಣ ಸಂಖ್ಯೆ 80 ಮತ್ತು 81. ಎರಡನ್ನೂ ಪರೀಕ್ಷಿಸಿ: 29/80 ಅಂದರೆ ಶೇ 36.25, 29/81 ಅಂದರೆ ಶೇ 35.80. ರೌಂಡ್ ಮಾಡಿದರೆ ಎರಡೂ 36. ಲೆಕ್ಕ ಇಷ್ಟರವರೆಗೆ ಮಾತ್ರ ಕರೆದುಕೊಂಡು ಹೋಗುತ್ತದೆ. 81 ಅಂಕದ ಪ್ರಶ್ನೆಪತ್ರಿಕೆ ಯಾರೂ ಮಾಡೋದು ಕಾಣೆ, 80 ಅಂಕದ್ದು ಎಷ್ಟೋ ಇವೆ, ಹಾಗಾಗಿ ನಾನು 80 ಅನ್ನುತ್ತೇನೆ. ಆದರೆ ಅದು ಸೂತ್ರ ಕೊಟ್ಟ ಉತ್ತರ ಅಲ್ಲ, ಪರೀಕ್ಷೆಗಳ ಬಗ್ಗೆ ನಮಗೆ ಗೊತ್ತಿರುವುದರಿಂದ ಮಾಡಿದ ಆಯ್ಕೆ. ಈ ವ್ಯತ್ಯಾಸ ಮನಸ್ಸಲ್ಲಿರಲಿ.

ಎಷ್ಟು ಸಂಖ್ಯೆಗಳ ನಡುವೆ ಒದ್ದಾಡಬೇಕಾಗುತ್ತದೆ ಅನ್ನೋದನ್ನ ಮೊದಲೇ ಅಂದಾಜು ಮಾಡಬಹುದು. ಶೇಕಡಾ ಪೂರ್ಣ ಸಂಖ್ಯೆಗೆ ರೌಂಡ್ ಆಗಿದ್ದರೆ, ಬಂದ ಒಟ್ಟು ಅಂಕವನ್ನು ಶೇಕಡಾದಿಂದ ಭಾಗಿಸಿ. ಮೇಲಿನ ಲೆಕ್ಕದಲ್ಲಿ 80 ÷ 36, ಸುಮಾರು 2. ಅದೇ 7 ಅಂಕ, ಶೇ 9 ಅಂತಿದ್ದರೆ? ಸೂತ್ರದಿಂದ 78 ಬರುತ್ತದೆ, 78 ÷ 9 ಸುಮಾರು 8.7. ನಿಜಕ್ಕೂ 74ರಿಂದ 82ರವರೆಗೆ ಒಂಬತ್ತು ಸಂಖ್ಯೆಗಳೂ ಹೊಂದುತ್ತವೆ, 75 ಕೂಡ ಅದರಲ್ಲಿದೆ, 80 ಕೂಡ ಇದೆ. ಇಲ್ಲಿ ಬೇರೆ ಸುಳಿವಿಲ್ಲದೆ ಯಾವುದನ್ನೂ ಖಚಿತವಾಗಿ ಹೇಳೋಕೆ ಆಗಲ್ಲ.

ಎರಡು ದಶಮಾಂಶ ಕೊಟ್ಟಿದ್ದರೆ ಈ ಅಗಲ ನೂರು ಪಟ್ಟು ಕುಗ್ಗುತ್ತದೆ. 437 ಅಂಕ, ಶೇ 67.23 ತೆಗೆದುಕೊಳ್ಳಿ. ತುದಿಗಳು 67.225 ಮತ್ತು 67.235, ಉತ್ತರ 649.96ರಿಂದ 650.06ರ ನಡುವೆ. ಒಳಗಿರುವುದು 650 ಒಂದೇ, ಅನುಮಾನವೇ ಇಲ್ಲ. ಆದ್ದರಿಂದ ಕೊಟ್ಟಿರುವ ದಶಮಾಂಶವನ್ನು ಬಿಟ್ಟು "67 ಅಂತ ಇಟ್ಕೊಳ್ಳೋಣ" ಅನ್ನಬೇಡಿ, ಉತ್ತರ ಇರೋದೇ ಅಲ್ಲಿ.

ಇನ್ನೊಂದು ಸಂದರ್ಭ: 467 ಅಂಕ, ಶೇ 77. ತುದಿಗಳನ್ನು 76.5, 77.5 ಅಂತ ಹಾಕಿದರೆ 602.6ರಿಂದ 610.5 ಸಿಗುತ್ತದೆ. ಒಟ್ಟು 600 ಇರಬೇಕು ಅಂತ ಅನಿಸುತ್ತಿದೆ, ಆದರೆ 600 ಈ ಮಿತಿಯೊಳಗಿಲ್ಲ. ಆಗ ರೌಂಡ್ ಮಾಡದೆ ದಶಮಾಂಶವನ್ನು ಹಾಗೇ ಕತ್ತರಿಸಿ ಬಿಟ್ಟಿದ್ದಾರಾ ಅಂತ ನೋಡಿ. ಕತ್ತರಿಸಿದ್ದರೆ ನಿಜವಾದ ಶೇಕಡಾ 77ರಿಂದ 78ರೊಳಗೆ, ಒಟ್ಟು ಅಂಕ 598.7ರಿಂದ 606.5ರ ನಡುವೆ. ಈಗ 600 ಒಳಗೆ ಬಂತು. 467/600 ಅಂದರೆ ಶೇ 77.83, ರೌಂಡ್ ಮಾಡಿದ್ದರೆ 78 ಅಂತ ಬರೆಯಬೇಕಿತ್ತು, 77 ಅಂತಿರೋದು ಕತ್ತರಿಸಿದ್ದರಿಂದ.