ಆನ್‌ಲೈನ್ ಪಾಠಕ್ಕೆ ಚಂದಾ, ಕಮಿಷನ್, ಒಂದೇ ಬಾರಿಯ ಶುಲ್ಕ: ವಿದ್ಯಾರ್ಥಿ ಎಷ್ಟು ತಿಂಗಳು ಉಳಿಯುತ್ತಾನೆ ಎಂಬ ಲೆಕ್ಕ

ಚಂದಾವನ್ನು ತಿಂಗಳಿಗಿಷ್ಟು ಎಂದು, ಕಮಿಷನ್ ಅನ್ನು ಶೇಕಡಾವಾರಿನಲ್ಲಿ, ಒಂದೇ ಬಾರಿಯ ಶುಲ್ಕವನ್ನು ಇಡಿಗಂಟಾಗಿ ಹೇಳುವುದರಿಂದ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವುದು ಕಷ್ಟ. ಈ ಟಿಪ್ಪಣಿಯಲ್ಲಿ ನಾನು ಮೂರನ್ನೂ ಒಂದೇ ಅಳತೆಗೆ ತಂದಿದ್ದೇನೆ: ಒಬ್ಬ ವಿದ್ಯಾರ್ಥಿಯಿಂದ ಒಂದು ಶೈಕ್ಷಣಿಕ ವರ್ಷದಲ್ಲಿ, ಶಿಕ್ಷಕರ ಸಂಭಾವನೆ ಮತ್ತು ಪೇಮೆಂಟ್ ಗೇಟ್‌ವೇ ಖರ್ಚು ಕಳೆದ ಮೇಲೆ, ಸಂಸ್ಥೆಗೆ ಉಳಿಯುವ ಹಣ ಎಷ್ಟು?

ಉದಾಹರಣೆಗೆ ದ್ವಿತೀಯ ಪಿಯುಸಿ ಗಣಿತವನ್ನು ಒಬ್ಬೊಬ್ಬರಿಗೇ ಹೇಳಿಕೊಡುವ ಒಂದು ಸಣ್ಣ ಸಂಸ್ಥೆಯನ್ನು ಊಹಿಸಿಕೊಳ್ಳೋಣ. ಪಾಠ ಜುಲೈಯಲ್ಲಿ ಆರಂಭವಾಗಿ, ಮಾರ್ಚ್ ಪರೀಕ್ಷೆಗೆ ಮುನ್ನ ಫೆಬ್ರುವರಿಯಲ್ಲಿ ಮುಗಿಯುತ್ತದೆ. ಒಟ್ಟು 8 ತಿಂಗಳು, ತಿಂಗಳಿಗೆ 8 ತರಗತಿ. ಪೋಷಕರು ತರಗತಿಗೆ ₹300 ಕೊಡುತ್ತಾರೆ, ಶಿಕ್ಷಕರಿಗೆ ₹220 ಹೋಗುತ್ತದೆ. ಗೇಟ್‌ವೇ ಶುಲ್ಕವನ್ನು ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ ಎಂದು ಇಟ್ಟುಕೊಂಡಿದ್ದೇನೆ. ತಿಂಗಳ ಚಂದಾ ₹2,400 ಬಂದರೆ ಶಿಕ್ಷಕರಿಗೆ ₹1,760, ಗೇಟ್‌ವೇಗೆ ಸುಮಾರು ₹57 ಹೋಗಿ ₹583 ಉಳಿಯುತ್ತದೆ.

ಈ ₹583 ಅನ್ನು ಎಷ್ಟರಿಂದ ಗುಣಿಸಬೇಕು ಎಂಬಲ್ಲೇ ಎಲ್ಲ ತೊಡಕು ಇರುವುದು, ಆದ್ದರಿಂದ ಇದನ್ನು ನಿಧಾನವಾಗಿ ಬಿಡಿಸುತ್ತೇನೆ. ಪ್ರತಿ ತಿಂಗಳು ಉಳಿದವರಲ್ಲಿ ಶೇ 10ರಷ್ಟು ಮಂದಿ ಪಾಠ ಬಿಡುತ್ತಾರೆ ಎಂದುಕೊಳ್ಳಿ. ಚಂದಾ ವ್ಯವಹಾರದ ಬಗ್ಗೆ ಎಲ್ಲೆಡೆ ಸಿಗುವ ಸೂತ್ರದ ಪ್ರಕಾರ 1 ಅನ್ನು ಬಿಡುವವರ ಪ್ರಮಾಣದಿಂದ ಭಾಗಿಸಬೇಕು. 1 ಭಾಗಿಸು 0.1 ಎಂದರೆ ಸರಾಸರಿ 10 ತಿಂಗಳು, ಅಂದರೆ ಒಬ್ಬ ವಿದ್ಯಾರ್ಥಿಯಿಂದ ₹5,830. ಆದರೆ ಪಾಠವೇ 8 ತಿಂಗಳಿಗೆ ಮುಗಿಯುವಾಗ ಸರಾಸರಿ 10 ತಿಂಗಳು ಬರಲು ಸಾಧ್ಯವೇ ಇಲ್ಲ. ಆ ಸೂತ್ರ ಕೊನೆಯಿಲ್ಲದ ಚಂದಾಕ್ಕೆ ಹೊಂದುತ್ತದೆ. ಪರೀಕ್ಷೆ ಮುಗಿದ ದಿನವೇ ಎಲ್ಲರೂ ಹೊರಟುಹೋಗುವ ಪಾಠಕ್ಕೆ ಹೊಂದುವುದಿಲ್ಲ.

ಸೂತ್ರವನ್ನು ಪಕ್ಕಕ್ಕಿಟ್ಟು ತಲೆ ಎಣಿಸಿದರೆ ವಿಷಯ ತಿಳಿಯಾಗುತ್ತದೆ. ಜುಲೈಯಲ್ಲಿ 100 ಮಂದಿ ಹಣ ಕಟ್ಟಿದರೆ ಆಗಸ್ಟಿನಲ್ಲಿ 90, ಮುಂದೆ 81, 73, 66, 59, 53, ಫೆಬ್ರುವರಿಯಲ್ಲಿ 48 ಮಂದಿ ಕಟ್ಟುತ್ತಾರೆ. ಈ ಎಂಟೂ ಸಂಖ್ಯೆಗಳನ್ನು ಕೂಡಿದರೆ 570 ಪಾವತಿಗಳು. ಅದನ್ನು 100 ಮಂದಿಗೆ ಹಂಚಿದರೆ ತಲಾ 5.7 ತಿಂಗಳು. ಇದನ್ನೇ ಒಂದು ಸಾಲಿನಲ್ಲಿ ಹೀಗೆ ಬರೆಯಬಹುದು:

```
(1 - 0.9^8) / 0.1 = 5.7
```

0.9 ಎಂಬುದು ಒಂದು ತಿಂಗಳಿಂದ ಮುಂದಿನ ತಿಂಗಳಿಗೆ ಉಳಿಯುವವರ ಪ್ರಮಾಣ, 8 ಎಂಬುದು ಪಾಠದ ತಿಂಗಳುಗಳು. ಹಾಗಾಗಿ ಚಂದಾದಿಂದ ನಿಜವಾಗಿ ಉಳಿಯುವುದು 5.7 × 583, ಸುಮಾರು ₹3,320. ಬಿಡುವವರು ಶೇ 20 ಆದರೆ ಸರಾಸರಿ 4.16 ತಿಂಗಳಿಗೆ ಇಳಿದು ಸುಮಾರು ₹2,430 ಮಾತ್ರ ಉಳಿಯುತ್ತದೆ.

ಬಿಟ್ಟವರನ್ನು ಎಣಿಸುವಾಗ ಒಂದು ಎಚ್ಚರಿಕೆ ಅಗತ್ಯ. ಯುಪಿಐ ಆಟೊಪೇ ಮೂಲಕ ಚಂದಾ ಕಡಿತವಾಗುವಾಗ ಪೋಷಕರಿಗೆ ಕನಿಷ್ಠ 24 ಗಂಟೆ ಮೊದಲು ಸೂಚನೆ ಹೋಗಬೇಕು. ₹15,000ದೊಳಗಿನ ಇಂಥ ಕಡಿತಕ್ಕೆ ಪ್ರತಿ ಸಲ ಪಿನ್ ಬೇಡ. ಆದರೂ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಡಿತ ವಿಫಲವಾಗುತ್ತದೆ. ಹಾಗೆ ವಿಫಲವಾದವರನ್ನೂ ಪಾಠ ಬಿಟ್ಟವರ ಪಟ್ಟಿಗೆ ಸೇರಿಸಿದರೆ ಶುಲ್ಕದ ದೋಷ ಪಾಠದ ದೋಷದಂತೆ ಕಾಣುತ್ತದೆ. ಹಾಜರಿ ಪಟ್ಟಿಯನ್ನು ಪಕ್ಕಕ್ಕಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ: ಕಡಿತ ವಿಫಲವಾದ ವಾರವೂ ಹುಡುಗ ತರಗತಿಗೆ ಬಂದಿದ್ದರೆ ಅವನು ಬಿಟ್ಟಿಲ್ಲ. ಕಡಿತದ ದಿನವನ್ನು 1ನೇ ತಾರೀಕಿನ ಬದಲು, ಮನೆಗೆ ಸಂಬಳ ಬಂದಿರುವ 5 ಅಥವಾ 7ನೇ ತಾರೀಕಿಗೆ ಇಟ್ಟರೆ ಇಂಥವು ಕಡಿಮೆಯಾಗುತ್ತವೆ.

ಈಗ ಒಂದೇ ಬಾರಿಯ ಶುಲ್ಕ. ತಿಂಗಳ ಲೆಕ್ಕದಲ್ಲಿ ₹19,200 ಆಗುವುದನ್ನು ₹1,700 ರಿಯಾಯಿತಿ ಕೊಟ್ಟು ₹17,500ಕ್ಕೆ ಮಾಡಿದರೆ, ಶಿಕ್ಷಕರಿಗೆ ₹14,080, ಗೇಟ್‌ವೇಗೆ ₹413 ಹೋಗಿ ₹3,007 ಉಳಿಯುತ್ತದೆ. ಇದು ಯಾರೂ ನಡುವೆ ಬಿಡದಿದ್ದರೆ ಬರುವ ಮೊತ್ತ. ಚಂದಾದಿಂದ ಇಷ್ಟೇ ಉಳಿಯಬೇಕಾದರೆ ಸರಾಸರಿ 5.16 ತಿಂಗಳು ಬೇಕು. ಅಂದರೆ ತಿಂಗಳಿಗೆ ಸುಮಾರು ಶೇ 13 ಮಂದಿ ಬಿಡುವ ಸ್ಥಿತಿ. ಬಿಡುವವರು ಶೇ 13ಕ್ಕಿಂತ ಕಡಿಮೆ ಇರುವ ಸಂಸ್ಥೆಗೆ ಈ ರಿಯಾಯಿತಿ ನಷ್ಟವೇ. ಅದಕ್ಕಿಂತ ಹೆಚ್ಚಿದ್ದಾಗಲೂ, ಪೂರ್ತಿ ಹಣ ಕಟ್ಟಿದ ಕಾರಣಕ್ಕೆ ಮಕ್ಕಳು ಕೊನೆಯವರೆಗೆ ನಿಂತರೆ ಮಾತ್ರ ಅದಕ್ಕೆ ಅರ್ಥವಿದೆ.

ಏಕೆಂದರೆ ನಡುವೆ ಬಿಟ್ಟವರಿಗೆ ಹಣ ಹಿಂದಿರುಗಿಸಬೇಕು. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗಾಗಿ ಹೊರಡಿಸಿದ ಮಾರ್ಗಸೂಚಿ, ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಮರಳಿಸಬೇಕು ಎನ್ನುತ್ತದೆ. ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳ ಕುರಿತಾದದ್ದು, ಆದರೆ ಸಣ್ಣ ಸಂಸ್ಥೆಯೂ ಇದೇ ನಿಯಮ ಪಾಲಿಸುವುದು ನ್ಯಾಯವೆಂದು ನಾನು ನಂಬುತ್ತೇನೆ. ಜುಲೈಯಲ್ಲಿ 20 ಮಂದಿಯಿಂದ ₹3,50,000 ಬಂದರೂ ಆ ತಿಂಗಳ ಗಳಿಕೆ ಅದರ ಎಂಟನೇ ಒಂದು ಭಾಗ, ₹43,750 ಮಾತ್ರ. ಉಳಿದದ್ದನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗೊಮ್ಮೆ ಅಷ್ಟಷ್ಟೇ ತೆಗೆದರೆ, ಜನವರಿಯಲ್ಲಿ ಶಿಕ್ಷಕರ ಸಂಭಾವನೆಗೆ ಪರದಾಡಬೇಕಾಗುವುದಿಲ್ಲ.

ಕಮಿಷನ್ ಪದ್ಧತಿಯಲ್ಲಿ ಶುಲ್ಕ ನಿಗದಿಪಡಿಸುವವರು ಶಿಕ್ಷಕರೇ. ಸಂಸ್ಥೆ ಶೇ 20 ತೆಗೆದುಕೊಂಡು ಗೇಟ್‌ವೇ ಖರ್ಚು ತಾನೇ ಹೊತ್ತರೆ ತಿಂಗಳಿಗೆ ₹423 ಉಳಿಯುತ್ತದೆ. ಆದರೆ ಒಬ್ಬ ಶಿಕ್ಷಕರು, ಒಬ್ಬ ವಿದ್ಯಾರ್ಥಿ ತಿಂಗಳುಗಟ್ಟಲೆ ಒಟ್ಟಿಗಿರುವ ಈ ಕೆಲಸದಲ್ಲಿ, ಪೋಷಕರು ಮತ್ತು ಶಿಕ್ಷಕರು ಫೋನ್ ನಂಬರ್ ಹಂಚಿಕೊಂಡು ನೇರವಾಗಿ ವ್ಯವಹರಿಸಲು ಹೆಚ್ಚು ದಿನ ಬೇಕಾಗುವುದಿಲ್ಲ. ವಿದ್ಯಾರ್ಥಿ ದೂರಿಲ್ಲದೆ, ಕಾರಣ ಹೇಳದೆ ನಿಲ್ಲಿಸಿದ್ದು, ಅದೇ ಸಮಯಕ್ಕೆ ಶಿಕ್ಷಕರು ಆ ಗಂಟೆಯನ್ನು ಖಾಲಿಯೆಂದು ತೋರಿಸದಿರುವುದು ಇದರ ಸಾಮಾನ್ಯ ಗುರುತು. ಹೀಗೆ ಜಾರುವವರೂ ಸೇರಿ ತಿಂಗಳಿಗೆ ಶೇ 30 ಹೋದರೆ ಸರಾಸರಿ 3.1 ತಿಂಗಳು, ಸುಮಾರು ₹1,330. ಅದರ ಬದಲು ಮೊದಲ ತಿಂಗಳ ಶುಲ್ಕದ ಅರ್ಧವನ್ನು ಮಾತ್ರ ತೆಗೆದುಕೊಂಡು ಇಬ್ಬರನ್ನೂ ಬಿಟ್ಟುಕೊಟ್ಟರೆ ₹1,143 ಉಳಿಯುತ್ತದೆ, ಕಾವಲಿನ ಕೆಲಸವೂ ತಪ್ಪುತ್ತದೆ. ಸಂಸ್ಥೆ ಶಿಕ್ಷಕರನ್ನು ಹುಡುಕಿಕೊಡುವುದನ್ನಷ್ಟೇ ಮಾಡುತ್ತಿದ್ದರೆ ನಾನು ಇದನ್ನೇ ಆರಿಸುತ್ತೇನೆ. ಪ್ರಶ್ನೆಪತ್ರಿಕೆ, ಕಿರುಪರೀಕ್ಷೆ, ಬದಲಿ ಶಿಕ್ಷಕರ ವ್ಯವಸ್ಥೆ ಪ್ರತಿ ತಿಂಗಳೂ ಇದ್ದರೆ ಚಂದಾವೇ ಸರಿ.

ತೆರಿಗೆ ಈ ಲೆಕ್ಕವನ್ನು ಬದಲಿಸುತ್ತದೆ. ಶಿಕ್ಷಕರ ಪರವಾಗಿ ಹಣ ಸಂಗ್ರಹಿಸಿ ಕಮಿಷನ್ ಹಿಡಿದುಕೊಳ್ಳುವವರು ಇ-ಕಾಮರ್ಸ್ ನಿರ್ವಾಹಕರಾಗುವುದರಿಂದ, ವಹಿವಾಟಿನ ಮಿತಿಯ ವಿನಾಯಿತಿ ಅವರಿಗೆ ಸಿಗದು. ಜಿಎಸ್‌ಟಿ ನೋಂದಣಿಯ ಬಗ್ಗೆ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಬೇಕು. ಚಂದಾದಲ್ಲಿ ಸಂಸ್ಥೆಯೇ ಪಾಠ ಮಾರುತ್ತದೆ, ವರ್ಷಕ್ಕೆ ₹20 ಲಕ್ಷದವರೆಗೆ ನೋಂದಣಿ ಬೇಡ, ಆದರೆ ಶಿಕ್ಷಕರಿಗೆ ಹೋಗುವ ಪಾಲೂ ಆ ₹20 ಲಕ್ಷದೊಳಗೆ ಎಣಿಕೆಯಾಗುತ್ತದೆ. ಸರಾಸರಿ 5.7 ತಿಂಗಳ ಲೆಕ್ಕದಲ್ಲಿ ಸುಮಾರು 146 ವಿದ್ಯಾರ್ಥಿಗಳಿಗೆ ಈ ಮಿತಿ ಮುಟ್ಟುತ್ತದೆ. ಅದನ್ನು ದಾಟಿದ ಮೇಲೆ ₹2,400ರೊಳಗೇ ಶೇ 18 ತೆರಿಗೆ ಅಡಗಿದ್ದರೆ ₹366 ಅದಕ್ಕೇ ಹೋಗಿ, ತಿಂಗಳ ₹583ರಲ್ಲಿ ₹217 ಉಳಿಯುತ್ತದೆ. ಅದೇ ಲೆಕ್ಕದಲ್ಲಿ ₹17,500ರ ಇಡಿಗಂಟಿನಿಂದ ಇಡೀ ವರ್ಷಕ್ಕೆ ಉಳಿಯುವುದು ಸುಮಾರು ₹338; ಚಂದಾ ಕಟ್ಟಿದವನು ಎರಡು ತಿಂಗಳಿಗೇ ಅದಕ್ಕಿಂತ ಹೆಚ್ಚು ಉಳಿಸಿಕೊಡುತ್ತಾನೆ. ಆದ್ದರಿಂದ ಮಿತಿ ಸಮೀಪಿಸುವ ವರ್ಷ ಜುಲೈಗೆ ಮೊದಲೇ ಚಂದಾವನ್ನು ತೆರಿಗೆ ಸೇರಿ ₹2,832 ಎಂದು ಪ್ರಕಟಿಸಿ, ಇಡಿಗಂಟಿನ ರಿಯಾಯಿತಿಯನ್ನು ನಿಲ್ಲಿಸಬೇಕಾಗುತ್ತದೆ.