ಲೆಕ್ಕದಲ್ಲಿ ಜಾಗವಿತ್ತು, ಲಾರಿಯಲ್ಲಿ ಇರಲಿಲ್ಲ

ಮನೆ ಸಾಮಾನು ಸಾಗಿಸುವ ಕೆಲಸದಲ್ಲಿ ನನ್ನ ಪಾಲಿಗೆ ಬಂದಿರುವುದು ಸಾಮಾನು ಎತ್ತುವುದಲ್ಲ, ಅದಕ್ಕೂ ಮೊದಲು ಮನೆಗೆ ಹೋಗಿ ಅಳತೆ ತೆಗೆದು ಯಾವ ಗಾಡಿ ಬೇಕೆಂದು ಹೇಳುವುದು. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟಿದ್ದ ಎರಡು ಕೋಣೆಗಳ ಮನೆಯೊಂದಕ್ಕೆ ನಾನು ಹದಿನಾಲ್ಕು ಅಡಿಯ ಕಂಟೇನರ್ ಲಾರಿಯನ್ನು ಗೊತ್ತುಮಾಡಿದ್ದೆ. ಬೀರು, ಸೋಫಾ, ಫ್ರಿಜ್, ವಾಷಿಂಗ್ ಮಷೀನ್, ಮಂಚ, ಹಾಸಿಗೆ, ಊಟದ ಮೇಜು, ನಾಲ್ಕು ಕುರ್ಚಿ, ಟಿವಿ, ನಲವತ್ತೆರಡು ರಟ್ಟಿನ ಪೆಟ್ಟಿಗೆ, ಹಾಸಿಗೆಬಟ್ಟೆಯ ಗಂಟುಗಳು, ಚಿಲ್ಲರೆ ಸಾಮಾನು ಮತ್ತು ಒಂದು ಸ್ಕೂಟರ್ ಎಲ್ಲವನ್ನೂ ಉದ್ದ, ಅಗಲ, ಎತ್ತರ ಗುಣಿಸಿ ಕೂಡಿದಾಗ 468 ಘನ ಅಡಿ ಬಂದಿತ್ತು. ಲಾರಿಯ ಒಳ ಅಳತೆ 14 ಅಡಿ ಉದ್ದ, 6 ಅಡಿ ಅಗಲ, ಆರೂವರೆ ಅಡಿ ಎತ್ತರ, ಅಂದರೆ 546 ಘನ ಅಡಿ. ಇನ್ನೂ 78 ಘನ ಅಡಿ ಉಳಿಯುತ್ತದೆ ಎಂದು ಧೈರ್ಯವಾಗಿಯೇ ಹೇಳಿ ಬಂದಿದ್ದೆ. ಸಂಜೆ ಐದಕ್ಕೆ ಲಾರಿ ತುಂಬಿತ್ತು. ಸ್ಕೂಟರ್, ವಾಷಿಂಗ್ ಮಷೀನ್ ಮತ್ತು ಎರಡು ಕುರ್ಚಿ ಬೀದಿಯಲ್ಲೇ ನಿಂತಿದ್ದವು.

ಗುಣಾಕಾರದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು, ಸಾಮಾನು ಹಿಟ್ಟಿನಂತೆ ಎಲ್ಲ ಮೂಲೆಗೂ ಹರಿದು ಕೂರುತ್ತದೆ ಎಂದು ನಾನು ಭಾವಿಸಿದ್ದರಲ್ಲಿ. ಜೋಡಿಸುವಾಗ ಪೋಲಾಗುವ ಜಾಗ ಎಲ್ಲಿಂದ ಬರುತ್ತದೆ ಎಂಬುದನ್ನು ಅದೇ ಮನೆಯ ಪಟ್ಟಿಯನ್ನಿಟ್ಟುಕೊಂಡೇ ವಿವರಿಸುತ್ತೇನೆ.

ಮೊದಲು ಪೆಟ್ಟಿಗೆಗಳನ್ನೇ ನೋಡೋಣ. ಅಂದು ಬಳಸಿದ್ದವುಗಳಲ್ಲಿ ಮೂವತ್ತೆರಡು ಪೆಟ್ಟಿಗೆಗಳು ಎಲ್ಲ ಬದಿಗೂ 18 ಇಂಚಿನವು. ಲಾರಿಯ ಅಗಲ 72 ಇಂಚು. ಕಾಗದದ ಮೇಲೆ ನಾಲ್ಕು ಪೆಟ್ಟಿಗೆ ಅಡ್ಡಲಾಗಿ ಕೂದಲೆಳೆಯಷ್ಟೂ ಬಿಡದೆ ಕೂರಬೇಕು. ಆದರೆ ಪಾತ್ರೆ, ಬಟ್ಟೆ ತುಂಬಿ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆ ಹೊಟ್ಟೆ ಬಿಡುತ್ತದೆ. ಹದಿನೆಂಟು ಇಂಚಿನದು ಹದಿನೆಂಟೂವರೆಯಾಗುತ್ತದೆ, ನಾಲ್ಕು ಸೇರಿದರೆ 74 ಇಂಚಾಗುತ್ತದೆ, ನಾಲ್ಕನೆಯದು ಒಳಗೆ ಹೋಗುವುದಿಲ್ಲ. ಹಾಗಾಗಿ ಅಡ್ಡಕ್ಕೆ ಮೂರೇ ಪೆಟ್ಟಿಗೆ, ಪಕ್ಕದಲ್ಲಿ ಹದಿನಾರೂವರೆ ಇಂಚಿನ ಖಾಲಿ ಸಂದು. ಅರ್ಧ ಇಂಚಿನ ಉಬ್ಬು ಪೆಟ್ಟಿಗೆಗಳ ಸಾಲಿನಲ್ಲಿ ಕಾಲು ಭಾಗವನ್ನೇ ತಿಂದುಹಾಕಿತು. ಎತ್ತರದಲ್ಲಿಯೂ ಇದೇ ಕಥೆ: ಏಳು ಅಡಿ ಎತ್ತರದ ಲಾರಿಯಲ್ಲೂ ಇವು ನಾಲ್ಕೇ ನಿಲ್ಲುತ್ತವೆ, ಮೇಲೆ ಹತ್ತು ಇಂಚು ಉಳಿಯುತ್ತದೆ. ಹನ್ನೆರಡು ಪೆಟ್ಟಿಗೆಗಳ ಅಂಥ ಒಂದು ಸಾಲಿನಲ್ಲಿ ತುಂಬುವುದು ಅಲ್ಲಿನ ಜಾಗದ ಶೇಕಡಾ 63ರಷ್ಟು ಮಾತ್ರ.

ಇದೇ ಏಳಡಿ ಎತ್ತರದ ಲಾರಿಗೆ 16 ಇಂಚಿನ ಪೆಟ್ಟಿಗೆ ತಂದರೆ, ಉಬ್ಬಿ ಹದಿನಾರೂವರೆ ಆದರೂ ಅಡ್ಡಕ್ಕೆ ನಾಲ್ಕು ಸಲೀಸಾಗಿ ಕೂರುತ್ತವೆ, ಎತ್ತರಕ್ಕೆ ಐದು ನಿಲ್ಲುತ್ತವೆ. ಒಂದು ಸಾಲಿಗೆ ಇಪ್ಪತ್ತು ಪೆಟ್ಟಿಗೆ, ತುಂಬುವ ಜಾಗ ಶೇಕಡಾ 82. ಪೆಟ್ಟಿಗೆ ಚಿಕ್ಕದಾದಷ್ಟೂ ಒಳ್ಳೆಯದೆಂದು ಇದರ ಅರ್ಥವಲ್ಲ. ಲಾರಿಯ ಅಗಲವನ್ನು ಪೆಟ್ಟಿಗೆಯ ಉಬ್ಬಿದ ಅಳತೆಯಿಂದ ಭಾಗಿಸಿದಾಗ ಶೇಷ ಎಷ್ಟು ಉಳಿಯುತ್ತದೆ ಎಂಬುದೇ ಮುಖ್ಯ. ಪೆಟ್ಟಿಗೆ ತರಿಸುವ ಮೊದಲು ಗಾಡಿಯನ್ನು ಅಳೆಯುವ ಅಭ್ಯಾಸ ನನಗೆ ಬಂದದ್ದು ಆ ಸಂಜೆಯ ನಂತರವೇ.

ಎರಡನೆಯ ಪಾಠ ಬೀರುವಿನದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವ ಸ್ಟೀಲ್ ಬೀರುವಿನ ಎತ್ತರ 78 ಇಂಚು, ಅಗಲ 36, ಆಳ 19. ಹದಿನಾಲ್ಕು ಅಡಿಯ ಲಾರಿಯ ಒಳ ಎತ್ತರವೂ ಸರಿಯಾಗಿ 78 ಇಂಚಾಗಿದ್ದರಿಂದ ಅದು ನಿಲ್ಲುತ್ತದೆ ಎಂದುಕೊಂಡಿದ್ದೆ. ಕಂಬಳಿ ಸುತ್ತಿದ ಬೀರು 80 ಇಂಚಾಗಿತ್ತು. ಸುತ್ತದಿದ್ದರೂ ನಿಲ್ಲುತ್ತಿರಲಿಲ್ಲ, ಏಕೆಂದರೆ ಮಲಗಿಸಿ ಒಳಗೆ ತಂದು ಎತ್ತಿ ನಿಲ್ಲಿಸುವಾಗ ಅದು ತನ್ನ ಕರ್ಣದ ಮೇಲೆ ತಿರುಗುತ್ತದೆ, ಆ ಕರ್ಣ 80 ಇಂಚು ದಾಟುತ್ತದೆ. ಹಮಾಲರ ಹಿರಿಯರೊಬ್ಬರು ಬಾಗಿಲಲ್ಲೇ ನೋಡಿ, "ಇದು ಏಳಲ್ಲ ಸಾರ್, ಮಲಗಿಸ್ಬೇಕು" ಎಂದರು. ಆರಡಿ ಅಗಲದ ಲಾರಿಯಲ್ಲಿ ಅಡ್ಡಲಾಗಿ ಮಲಗಿಸಲೂ ಬಾರದು, ಆದ್ದರಿಂದ ಉದ್ದಕ್ಕೇ ಮಲಗಿಸಿದರು. ನಿಂತಿದ್ದರೆ ಐದು ಚದರ ಅಡಿಗಿಂತ ಕಡಿಮೆ ನೆಲ ಹಿಡಿಯುತ್ತಿದ್ದ ಬೀರು ಹತ್ತೊಂಬತ್ತೂವರೆ ಚದರ ಅಡಿ ನೆಲ ಹಿಡಿಯಿತು. ಮೇಲ್ಮುಖವಾಗಿರುವ ಬೀರುವಿನ ಬಾಗಿಲಿನ ಮೇಲೆ ಭಾರ ಹೇರಿದರೆ ತಗಡು ಒಳಗೆ ಬಾಗುತ್ತದೆ, ಹಾಗಾಗಿ ಅದರ ಮೇಲೆ ಗಂಟುಗಳನ್ನಷ್ಟೇ ಇಡಲು ಸಾಧ್ಯವಾಯಿತು. ಬೀರುವಿನ ಘನ ಅಡಿ 31 ಇದ್ದದ್ದು 31ರಲ್ಲೇ ಇತ್ತು; ಅದು ಕೆಡಿಸಿದ ಜಾಗ ನನ್ನ ಪಟ್ಟಿಯಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಸ್ಕೂಟರ್‌ನದು ಇದಕ್ಕಿಂತ ದೊಡ್ಡ ನಷ್ಟ. ಅದರ ಉದ್ದ ಸುಮಾರು ಆರು ಅಡಿ, ಆದ್ದರಿಂದ ಲಾರಿಯ ಅಗಲಕ್ಕೆ ಅಡ್ಡಲಾಗಿ ನಿಲ್ಲಿಸಲು ಬರುವುದಿಲ್ಲ. ಉದ್ದಕ್ಕೇ ನಿಲ್ಲಿಸಿ ಎರಡೂ ಬದಿಗೆ ಹಗ್ಗ ಬಿಗಿಯಬೇಕು, ಅದರ ಮೇಲೆ ಏನನ್ನೂ ಹೇರುವಂತಿಲ್ಲ. ಪಟ್ಟಿಯಲ್ಲಿ ನಾನು ಬರೆದಿದ್ದು 51 ಘನ ಅಡಿ. ನೆಲದಿಂದ ಏಳಡಿ ಎತ್ತರದ ಚಾವಣಿಯವರೆಗೆ ಲೆಕ್ಕ ಹಾಕಿದರೆ ಅದು ಆಕ್ರಮಿಸುವುದು ಸುಮಾರು 94 ಘನ ಅಡಿ. ಮೇಲೆ ಏನೂ ಇಡಲಾಗದ ಯಾವ ವಸ್ತುವನ್ನಾದರೂ ಅದರ ಸ್ವಂತ ಎತ್ತರದಿಂದಲ್ಲ, ಲಾರಿಯ ಎತ್ತರದಿಂದ ಗುಣಿಸಬೇಕು. ಹೂಕುಂಡ, ಗಾಜಿನ ಕಪಾಟು, ದೇವರ ಮಂಟಪ ಎಲ್ಲಕ್ಕೂ ಇದೇ ನಿಯಮ ಅನ್ವಯಿಸುತ್ತದೆ. ಮನೆಯವರು ಎಷ್ಟೋ ಬಾರಿ ಕುಂಡಗಳ ವಿಷಯವನ್ನು ಲೋಡಿಂಗ್ ದಿನವೇ ಬಾಯಿಬಿಡುತ್ತಾರೆ, ಅದು ಬೇರೆಯ ಮಾತು.

ಹಾಗಾದರೆ ಅಂದು ಯಾವ ಲಾರಿ ಬೇಕಿತ್ತು? ಈಗ ನಾನು ಘನ ಅಡಿಯನ್ನು ಮೊದಲ ಅಂದಾಜಿಗೆ ಮಾತ್ರ ಬಳಸುತ್ತೇನೆ: ಮನೆ ಸಾಮಾನಿನ ಮೊತ್ತವನ್ನು 0.7ರಿಂದ ಭಾಗಿಸುತ್ತೇನೆ. 468ನ್ನು ಹಾಗೆ ಭಾಗಿಸಿದರೆ 669 ಬರುತ್ತದೆ. ಹದಿನಾಲ್ಕು ಅಡಿಯ 546 ಇಲ್ಲಿಗೇ ಬಿದ್ದುಹೋಗುತ್ತದೆ; ಹದಿನೇಳು ಅಡಿ ಉದ್ದ, ಆರಡಿ ಅಗಲ, ಏಳಡಿ ಎತ್ತರದ ಲಾರಿಯ 714 ಸಾಕೆನಿಸುತ್ತದೆ. ಆದರೆ ತೀರ್ಮಾನವನ್ನು ಉದ್ದದ ಲೆಕ್ಕದಿಂದ ಮಾಡುತ್ತೇನೆ. ಲಾರಿಯನ್ನು ಕ್ಯಾಬಿನ್ ಕಡೆಯಿಂದ ಬಾಗಿಲಿನವರೆಗೆ ಒಂದರ ಹಿಂದೊಂದು ಗೋಡೆ ಕಟ್ಟಿದಂತೆ ತುಂಬುವುದರಿಂದ, ಪ್ರತಿ ಗೋಡೆ ಎಷ್ಟು ಅಡಿ ಉದ್ದ ತಿನ್ನುತ್ತದೆ ಎಂದು ಕೂಡಿದರೆ ಸತ್ಯ ಹೊರಬರುತ್ತದೆ.

ಆ ಮನೆಯ ಸಾಮಾನನ್ನು ಹದಿನೇಳು ಅಡಿಯ ಲಾರಿಯಲ್ಲಿ ಹೀಗೆ ಜೋಡಿಸಬಹುದಿತ್ತು. ಕ್ಯಾಬಿನ್ನಿಗೆ ಒರಗಿದಂತೆ ಬೀರು ಮತ್ತು ಫ್ರಿಜ್ ಎರಡೂ ನಿಲ್ಲುತ್ತವೆ. ಕಂಬಳಿ ಸುತ್ತಿದ ಬೀರುವಿನ ಕರ್ಣ 83 ಇಂಚಿನ ಹತ್ತಿರ ಬರುವುದರಿಂದ 84 ಇಂಚಿನ ಎತ್ತರದಲ್ಲಿ ಅದು ತೀರಾ ಅಂಚಿನಲ್ಲಿ ಏಳುತ್ತದೆ. ಈ ಗೋಡೆ ತಿನ್ನುವುದು ಎರಡೂಕಾಲು ಅಡಿ, ಪಕ್ಕದಲ್ಲಿ ಒಂಬತ್ತು ಇಂಚಿನ ಸಂದು ಉಳಿಯುತ್ತದೆ. ಅದರ ಹಿಂದೆ ಪೆಟ್ಟಿಗೆಗಳ ಮೂರು ಸಾಲು, ನಾಲ್ಕೂವರೆ ಅಡಿಗಿಂತ ತುಸು ಹೆಚ್ಚು; ಪುಸ್ತಕದ ಚಿಕ್ಕ ಪೆಟ್ಟಿಗೆಗಳು ಮೂರನೆಯ ಸಾಲಿನ ತಳದಲ್ಲಿ. ಪೆಟ್ಟಿಗೆಗಳ ಪಕ್ಕದ ಹದಿನಾರೂವರೆ ಇಂಚಿನ ಸಂದು ಇಲ್ಲಿ ವ್ಯರ್ಥವಾಗುವುದಿಲ್ಲ: ಆರೂವರೆ ಅಡಿ ಉದ್ದದ, ಆರು ಇಂಚು ದಪ್ಪದ ಹಾಸಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಅದು ಫ್ರಿಜ್‌ನ ಪಕ್ಕದ ಸಂದಿನಿಂದ ಶುರುವಾಗಿ ಮೂರನೆಯ ಸಾಲಿನವರೆಗೆ ಚಾಚುತ್ತದೆ, ಬಿಚ್ಚಿದ ಮಂಚದ ಹಲಗೆಗಳು ಅದಕ್ಕೂ ಪೆಟ್ಟಿಗೆಗಳಿಗೂ ನಡುವೆ ನೆಟ್ಟಗೆ ನಿಲ್ಲುತ್ತವೆ. ಪೆಟ್ಟಿಗೆಗಳ ಮೇಲಿನ ಹತ್ತು ಇಂಚಿಗೆ ಗಂಟುಗಳು.

ಇಲ್ಲಿಗೆ ಸುಮಾರು ಏಳು ಅಡಿ ಮುಗಿಯಿತು. ಆರಡಿ ಉದ್ದದ ಸೋಫಾ ಕೂಡ ಅಡ್ಡಕ್ಕೆ ಕೂರದು, ಅದನ್ನು ತುದಿಯ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಒಂಟಿ ಸೋಫಾ ಒಂದರ ಮೇಲೆ ಇನ್ನೊಂದನ್ನು ಬೋರಲಾಗಿ ಇಟ್ಟರೆ ಮೂರು ಅಡಿ. ಹತ್ತು ಅಡಿಯಾಯಿತು. ಉಳಿದ ಏಳರಲ್ಲಿ ಆರು ಅಡಿ ಸ್ಕೂಟರಿಗೆ. ಪಕ್ಕದಲ್ಲಿ ಸಿಗುವ ಮೂರೂಮುಕ್ಕಾಲು ಅಡಿ ಅಗಲದ ಪಟ್ಟಿಯಲ್ಲಿ ವಾಷಿಂಗ್ ಮಷೀನ್, ಜೋಡಿ ಜೋಡಿಯಾಗಿ ಮಗುಚಿದ ಕುರ್ಚಿಗಳು, ಬಿಚ್ಚಿದ ಮೇಜು ಮತ್ತು ಚಿಲ್ಲರೆ ಸಾಮಾನು. ಒಟ್ಟು ಹದಿನಾರು ಅಡಿ. ಬಾಗಿಲ ಬಳಿ ಒಂದು ಅಡಿ ಉಳಿಯುತ್ತದೆ, ಅದನ್ನು ನಾನು ಬೇಕೆಂದೇ ಉಳಿಸುತ್ತೇನೆ, ಏಕೆಂದರೆ ಕೊನೆಯ ಗೋಡೆಗೆ ಅಡ್ಡ ಹಗ್ಗ ಬಿಗಿಯದೆ ಬಾಗಿಲು ಮುಚ್ಚಿದರೆ ಹುಬ್ಬಳ್ಳಿಯಲ್ಲಿ ಬಾಗಿಲು ತೆರೆದವನ ಮೈಮೇಲೆಯೇ ಸಾಮಾನು ಬೀಳುತ್ತದೆ. ಹದಿನಾರು ಅಡಿ ಸಾಮಾನಿಗೆ ಹದಿನಾಲ್ಕು ಅಡಿಯ ಲಾರಿ ಏಕೆ ಸಾಲಲಿಲ್ಲವೆಂದು ಇನ್ನು ಹೇಳಬೇಕಾಗಿಲ್ಲ.

ಇಂಥ ಲಾರಿಗಳಲ್ಲಿ ತೂಕಕ್ಕಿಂತ ಮೊದಲು ಜಾಗ ಮುಗಿಯುತ್ತದೆ; ಟಾಟಾ ಏಸ್‌ನಂಥ ಪುಟ್ಟ ಗಾಡಿಯಲ್ಲಿ ಮಾತ್ರ ತೂಕವನ್ನೂ ನೋಡಬೇಕಾಗುತ್ತದೆ. ಪುಸ್ತಕದ ವಿಷಯದಲ್ಲಿ ಪೆಟ್ಟಿಗೆಯ ತೂಕವೂ ಜಾಗವನ್ನು ಕೆಡಿಸುತ್ತದೆ. ಹದಿನೆಂಟು ಇಂಚಿನ ಪೆಟ್ಟಿಗೆಗೆ ಪುಸ್ತಕ ತುಂಬಿದರೆ ಐವತ್ತು ಕಿಲೋದ ಆಸುಪಾಸಿಗೆ ಬರುತ್ತದೆ, ಅದನ್ನು ಯಾರೂ ಎದೆಯೆತ್ತರಕ್ಕೆ ಎತ್ತಲಾರರು, ಎತ್ತಿದರೂ ಕೆಳಗಿನ ಪೆಟ್ಟಿಗೆ ಕುಸಿದು ಇಡೀ ಸಾಲು ಓರೆಯಾಗುತ್ತದೆ.

ಲೋಡಿಂಗ್ ನಡೆಯುವಾಗಲೇ ಲೆಕ್ಕ ತಪ್ಪುತ್ತಿದೆಯೇ ಎಂದು ತಿಳಿಯಲು ನಾನು ಲಾರಿಯ ಒಳಬದಿಗೆ ಪ್ರತಿ ಗೋಡೆ ಮುಗಿಯಬೇಕಾದ ಜಾಗದಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತೇನೆ. ಮೇಲಿನ ಉದಾಹರಣೆಯಲ್ಲಿ ಆ ಗೆರೆಗಳು ಎರಡೂಕಾಲು, ಏಳು ಮತ್ತು ಹತ್ತು ಅಡಿಗೆ ಬರುತ್ತವೆ. ಪೆಟ್ಟಿಗೆಗಳ ಮೂರನೆಯ ಸಾಲು ಏಳರ ಗೆರೆಯನ್ನು ಅರ್ಧ ಅಡಿಗಿಂತ ಹೆಚ್ಚು ದಾಟಿದರೆ ಅಲ್ಲೇ ನಿಲ್ಲಿಸಿ ಆ ಸಾಲನ್ನು ಮತ್ತೆ ಕಟ್ಟಿಸುತ್ತೇನೆ. ಹಮಾಲರು ಗೊಣಗುತ್ತಾರೆ, ಅವರಿಗೆ ಚಹಾ ತರಿಸುತ್ತೇನೆ. ಆಗ ಹತ್ತು ಪೆಟ್ಟಿಗೆ ಇಳಿಸಿದರೆ ಸಾಕು. ಸ್ಕೂಟರ್ ಏರಿಸುವ ಹೊತ್ತಿಗೆ ಅದೇ ತಪ್ಪು ಗೊತ್ತಾದರೆ ಎರಡನೆಯ ಗಾಡಿಗೆ ಫೋನ್ ಮಾಡಬೇಕು. ಅಂದು ಆ ಎರಡನೆಯ ಗಾಡಿಯ ಬಾಡಿಗೆಯನ್ನು ನನ್ನ ಸಂಬಳದಲ್ಲೇ ಹಿಡಿದುಕೊಂಡಿದ್ದರು.