ಮೋರಿಯೋ, ಕಾಡಿನ ದಾರಿಯೋ: ಮಲೆನಾಡಿನ ಅಂಡರ್‌ಪಾಸ್‌ಗಳ ಹಿನ್ನೆಲೆ

ಮಲೆನಾಡಿನಲ್ಲಿ ಯಾವುದೇ ರಸ್ತೆ ಅಗಲವಾಗುವ ಮಾತು ಬಂದರೆ ಅದರ ಹಿಂದೆಯೇ ‘ಕಾಡುಪ್ರಾಣಿಗಳಿಗೆ ಅಂಡರ್‌ಪಾಸ್ ಕಟ್ಟಿಕೊಡುತ್ತೇವೆ’ ಎನ್ನುವ ಮಾತೂ ಬರುತ್ತದೆ. ಕೆಲವರಿಗೆ ಅದು ಸಮಾಧಾನ, ಕೆಲವರಿಗೆ ಕಣ್ಣೊರೆಸುವ ತಂತ್ರ. ಇಬ್ಬರೂ ಒಂದು ಪ್ರಶ್ನೆಯನ್ನು ಬಿಟ್ಟೇ ಜಗಳವಾಡುತ್ತಾರೆ: ಎಷ್ಟು ಅಗಲದ್ದು, ಎಷ್ಟು ಎತ್ತರದ್ದು, ಎಲ್ಲಿ? ಮೂರು ಮೀಟರ್ ಅಗಲದ ಸಿಮೆಂಟ್ ಪೆಟ್ಟಿಗೆ ಮೋರಿಯೂ ಮುಕ್ಕಾಲು ಕಿಲೋಮೀಟರ್ ಉದ್ದದ ಸೇತುವೆಯೂ ಕಡತದಲ್ಲಿ ಒಂದೇ ಕಾಲಂನಲ್ಲಿ ಕೂರುತ್ತವೆ.

ಹಳೆಯ ಕಥೆ ಚಿಕ್ಕದು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು, ಮುಂದೆ ಕುಂಸಿ, ಅರಸಾಳು, ಆನಂದಪುರ, ಸಾಗರ ದಾಟಿ ತಾಳಗುಪ್ಪದವರೆಗೆ ಹೋಯಿತು. ಎತ್ತಿನ ಗಾಡಿಯ ದಾರಿಗಳು ಡಾಂಬರು ಕಂಡವು, ಡಾಂಬರು ರಸ್ತೆಗಳು ರಾಷ್ಟ್ರೀಯ ಹೆದ್ದಾರಿಗಳಾದವು. ರಾತ್ರಿ ಹೊತ್ತು ಗಂಟೆಗೆ ನಾಲ್ಕಾರು ಲಾರಿ ಓಡುವ ರಸ್ತೆಯನ್ನು ಕಡವೆಯೋ ಕಾಟಿಯೋ ಕಾದು ನಿಂತು ದಾಟುತ್ತಿತ್ತು. ಎರಡು ವಾಹನಗಳ ನಡುವಿನ ಬಿಡುವು ನಿಮಿಷದಿಂದ ಸೆಕೆಂಡುಗಳಿಗೆ ಇಳಿದಾಗ ರಸ್ತೆ ಗೋಡೆಯಾಗುತ್ತದೆ. ಅಲ್ಲಿಂದ ಮುಂದೆ ಸತ್ತ ಪ್ರಾಣಿಗಳ ಲೆಕ್ಕ ಕಡಿಮೆಯಾದರೂ ಅದು ಒಳ್ಳೆಯ ಸುದ್ದಿಯಲ್ಲ. ದಾಟಲು ಪ್ರಯತ್ನಿಸುವ ಪ್ರಾಣಿಗಳೇ ಕಡಿಮೆಯಾಗಿರುತ್ತವೆ.

ಶಿವಮೊಗ್ಗದ ಮಟ್ಟಿಗೆ ಇದು ಬರೀ ಅಪಘಾತದ ವಿಷಯವಲ್ಲ. ಭದ್ರಾ ಕಾಡಿನ ಆನೆಗಳು ಉಂಬ್ಳೆಬೈಲು ಕಡೆಯ ಕಾಡು, ನೆಡುತೋಪು, ಗದ್ದೆ–ತೋಟಗಳ ನಡುವೆ ನುಸುಳಿ ಶೆಟ್ಟಿಹಳ್ಳಿ ಅಭಯಾರಣ್ಯದತ್ತ ಓಡಾಡುತ್ತವೆ. ಈ ನಡುವಿನ ಪಟ್ಟಿಯೇ ಕಾರಿಡಾರ್. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಮೇಲೆ ಹಾದುಹೋಗುವ ತೀರ್ಥಹಳ್ಳಿ ಹೆದ್ದಾರಿ ತುಂಗೆಯ ಪಕ್ಕದಲ್ಲೇ ಸಾಗುತ್ತದೆ. ಹೊಳೆ, ಹೆದ್ದಾರಿ, ಅದರಾಚೆ ವಿದ್ಯುತ್ ಹರಿಸುವ ಐಬೆಕ್ಸ್ ಬೇಲಿ: ಮೂರನ್ನೂ ಒಂದೇ ರಾತ್ರಿ ದಾಟಬೇಕು. ಬೆಳಗಾಗುವುದರೊಳಗೆ ದಾಟಲಾಗದ ಆನೆ ಹಗಲಿಡೀ ಯಾರದೋ ತೋಟದ ಅಂಚಿನಲ್ಲಿ ನಿಲ್ಲುತ್ತದೆ. ಮರುದಿನ ಪತ್ರಿಕೆಯಲ್ಲಿ ಅದು ‘ಆನೆ ಹಾವಳಿ’.

ನಮ್ಮ ರಾಜ್ಯದಲ್ಲಿ ಈ ಚರ್ಚೆಗೆ ಮೊದಲು ಬಿಸಿ ಬಂದದ್ದು ಬಂಡೀಪುರದಲ್ಲಿ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಕಾಂಕ್ರೀಟಿಲ್ಲ, ಟೆಂಡರಿಲ್ಲ, ಎರಡು ಗೇಟು ಸಾಕು. ಆ ನಿಷೇಧ ತೆಗೆಸಲು ಕಾಡಿನ ಮೇಲೆ ಎತ್ತರದ ರಸ್ತೆ ಕಟ್ಟುವ ಪ್ರಸ್ತಾವವೂ ಬಂದುಹೋಯಿತು. ಆದರೆ ಮಲೆನಾಡಿಗೆ ಗೇಟಿನ ಪರಿಹಾರ ಸುಲಭವಾಗಿ ಒಗ್ಗುವುದಿಲ್ಲ. ಇಲ್ಲಿ ಕಾಡಿನ ನಡುವೆ ಊರುಗಳಿವೆ, ಊರಿನವರಿಗೆ ರಾತ್ರಿ ಆಸ್ಪತ್ರೆಗೆ ಹೋಗಲು ಅದೇ ರಸ್ತೆ.

ತಿರುವು ಸಿಕ್ಕಿದ್ದು ಮಧ್ಯಭಾರತದ ಪೆಂಚ್‌ನಲ್ಲಿ. ನಾಗಪುರದಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ ಹುಲಿ ಕಾಡಿನ ಕಾರಣಕ್ಕೆ ವರ್ಷಗಟ್ಟಲೆ ಕೋರ್ಟಿನಲ್ಲಿ ನಿಂತಿತ್ತು. ಕೊನೆಗೆ ಮಹಾರಾಷ್ಟ್ರದ ಭಾಗದಲ್ಲಿ ಒಂಬತ್ತು ಕಡೆ ಪ್ರಾಣಿಗಳಿಗೆ ದಾರಿ ಬಿಟ್ಟು ರಸ್ತೆಯನ್ನು ಮೇಲೆತ್ತಿದರು. ಅತಿ ಚಿಕ್ಕದರ ಅಗಲ 50 ಮೀಟರ್, ದೊಡ್ಡದು 750 ಮೀಟರ್. ಭಾರತೀಯ ವನ್ಯಜೀವಿ ಸಂಸ್ಥೆ 2019ರಲ್ಲಿ ಕ್ಯಾಮೆರಾ ಇಟ್ಟು ನೋಡಿದಾಗ 18 ಜಾತಿಯ ಪ್ರಾಣಿಗಳು ಅಡಿಯಲ್ಲಿ ದಾಟಿದ್ದವು. 11 ಹುಲಿಗಳು ಒಟ್ಟು 89 ಸಲ ಸಿಕ್ಕಿದ್ದವು. ಆಮೇಲೆ ದೇಶದ ಯಾವ ಮೂಲೆಯಲ್ಲಿ ರಸ್ತೆ ಯೋಜನೆ ಬಂದರೂ ಪೆಂಚ್‌ನ ಹೆಸರು ಹೇಳುವುದು ವಾಡಿಕೆಯಾಯಿತು. ಹೆಸರಿನ ಜೊತೆ ಆ ಅಗಲ ಮಾತ್ರ ಬರಲಿಲ್ಲ.

ಅಗಲ ಯಾಕೆ ಮುಖ್ಯ ಎಂಬುದಕ್ಕೆ ಕ್ಷೇತ್ರದಲ್ಲಿ ಬಳಸುವ ಒಂದು ಸರಳ ಲೆಕ್ಕವಿದೆ. ಬಾಯಿಯ ಅಗಲವನ್ನು ಎತ್ತರದಿಂದ ಗುಣಿಸಿ, ಪ್ರಾಣಿ ಒಳಗೆ ನಡೆಯಬೇಕಾದ ಉದ್ದದಿಂದ ಭಾಗಿಸಬೇಕು. ಬರುವ ಸಂಖ್ಯೆ ಒಳಗಿನ ‘ತೆರವು’ ಎಷ್ಟೆಂದು ಹೇಳುತ್ತದೆ, ಅಂದರೆ ಈ ಬಾಯಲ್ಲಿ ನಿಂತ ಪ್ರಾಣಿಗೆ ಆಚೆ ಬಾಯಿಯ ಬೆಳಕು, ಗಿಡ, ಆಕಾಶ ಎಷ್ಟು ಕಾಣುತ್ತದೆ ಎಂದು.

ನಮ್ಮ ಕಡೆಯ ಒಂದು ಮಾಮೂಲಿ ಹಳ್ಳವನ್ನೇ ಇಟ್ಟುಕೊಳ್ಳೋಣ. ಈಗಿನ ದ್ವಿಪಥ ರಸ್ತೆಯಡಿ ಒಂದು ಮೀಟರ್ ವ್ಯಾಸದ ಪೈಪ್ ಮೋರಿ ಇದೆ, ಉದ್ದ 12 ಮೀಟರ್. ಗುಂಡನೆಯ ಬಾಯಾದ್ದರಿಂದ ಅಗಲ–ಎತ್ತರದ ಗುಣಲಬ್ಧದ ಬದಲು ವೃತ್ತದ ವಿಸ್ತೀರ್ಣ ಹಿಡಿದರೆ ತೆರವು 0.07ರಷ್ಟೂ ಇಲ್ಲ. ಮುಂಗುಸಿ, ಪುನುಗುಬೆಕ್ಕು, ಮುಳ್ಳುಹಂದಿ ನುಸುಳಬಹುದು, ಅಷ್ಟೆ. ರಸ್ತೆ ಚತುಷ್ಪಥವಾಗುತ್ತದೆ, ಪೈಪ್ ಕಿತ್ತು ಮೂರು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಬಾಕ್ಸ್ ಮೋರಿ ಹಾಕುತ್ತಾರೆ. ನೋಡಲು ಭರ್ಜರಿ ಸುಧಾರಣೆ. ಆದರೆ ಉದ್ದ ಈಗ 24 ಮೀಟರ್, ಹಾಗಾಗಿ 9ನ್ನು 24ರಿಂದ ಭಾಗಿಸಿದರೆ 0.375. ಅಮೆರಿಕದಲ್ಲಿ ಜಿಂಕೆಗಳ ಮೇಲೆ ನಡೆದ ಹಳೆಯ ಅಧ್ಯಯನಗಳಿಂದ ಬಂದ ರೂಢಿಯ ಕನಿಷ್ಠ ಮಿತಿ 0.6. ಕಡವೆ ಬಾಯಿಯವರೆಗೆ ಬಂದು, ಮೂಸಿ, ಹಿಂದೆ ಸರಿದು, ಏರಿ ಹತ್ತಿ ರಸ್ತೆಗೇ ಬರುತ್ತದೆ.

ಅದೇ ಹಳ್ಳಕ್ಕೆ 30 ಮೀಟರ್ ಅಗಲ, 5 ಮೀಟರ್ ಎತ್ತರದ ಸೇತುವೆ ಹಾಕಿದರೆ ಲೆಕ್ಕ 6.25ಕ್ಕೆ ಏರುತ್ತದೆ. ಹೋಗುವ ಬರುವ ರಸ್ತೆಗಳನ್ನು ಎರಡು ಬೇರೆ ಸೇತುವೆಗಳಾಗಿ ಮಾಡಿ ನಡುವೆ ಆಕಾಶ ಕಾಣುವಂತೆ ಬಿಟ್ಟರೆ ಇನ್ನೂ ಒಳ್ಳೆಯದು. ಒಂದು ಉದ್ದ ಸುರಂಗದ ಬದಲು ಎರಡು ಗಿಡ್ಡ ನೆರಳು, ನಡುವೆ ಬಿಸಿಲು. ಆನೆ ದಾಟುವ ಜಾಗವಾದರೆ 5 ಮೀಟರ್ ಎತ್ತರ ಸಾಲದು, ಆರೇಳು ಮೀಟರಾದರೂ ಬೇಕು. ಲೆಕ್ಕವನ್ನೇ ನೆಚ್ಚಿಕೊಳ್ಳುವಂತೆಯೂ ಇಲ್ಲ, ಬಹಳ ಅಗಲ ಕೊಟ್ಟು ಎತ್ತರ ಕಡಿಮೆ ಮಾಡಿದರೂ ಸಂಖ್ಯೆ ಚೆನ್ನಾಗಿಯೇ ಬರುತ್ತದೆ.

ಇಲ್ಲಿ ಮಲೆನಾಡಿಗೆ ಒಂದು ಅನುಕೂಲವಿದೆ. ಬಯಲಿನಲ್ಲಿ ಅಂಡರ್‌ಪಾಸ್‌ಗಾಗಿ ರಸ್ತೆಯನ್ನು ಮಣ್ಣು ತುಂಬಿ ಎತ್ತಬೇಕು. ಇಲ್ಲಿ ಹಳ್ಳಗಳು ಮೊದಲೇ ತಗ್ಗಿನಲ್ಲಿವೆ, ಪ್ರಾಣಿಗಳೂ ಹಳ್ಳದ ಅಂಚಿನಲ್ಲೇ ಓಡಾಡುತ್ತವೆ, ಹೇಗೂ ಅಲ್ಲೊಂದು ಸೇತುವೆ ಬೇಕೇ ಬೇಕು. ಅದರ ಕಣ್ಣುಗಳನ್ನು ಎರಡೂ ದಡದಾಚೆಗೆ ವಿಸ್ತರಿಸಿದರೆ ಮುಗಿಯಿತು. ಹಾಗೆ ಆಗದಿರಲು ಕಾರಣ ಸೇತುವೆಯ ಅಗಲವನ್ನು ನೀರಿನ ಲೆಕ್ಕದಿಂದ ಮಾತ್ರ ತೆಗೆಯುವುದು. ನೀರು ಹೋಗಲು ಎಷ್ಟು ಬೇಕೋ ಅಷ್ಟು. ಆಮೇಲೆ ಅನುಮತಿಯ ಹಂತದಲ್ಲಿ ಅದೇ ನೀರಿನ ಮೋರಿಗೆ ‘ಪ್ರಾಣಿ ದಾರಿ’ ಎಂಬ ಹೆಸರೂ ಬೀಳುತ್ತದೆ.

ಮಳೆಗಾಲದಲ್ಲಿ ಇದರ ಫಲ ಕಣ್ಣಿಗೆ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯಿಂದ ಗೋಡೆಗೆ ನೀರು, ಕಾಲಿಡಲು ಒಣ ನೆಲವಿಲ್ಲ. ಎರಡೂ ಬದಿಯಲ್ಲಿ ಸಾಮಾನ್ಯ ನೆರೆಮಟ್ಟಕ್ಕಿಂತ ಮೇಲೆ ಮಣ್ಣಿನ ದಂಡೆ ಬಿಡಬೇಕು; ಚಿಕ್ಕ ಮೋರಿಯಾದರೆ ಗೋಡೆಗಂಟಿದ ಒಂದು ಜಗಲಿಯಾದರೂ ಇರಬೇಕು, ಅದು ಎರಡೂ ತುದಿಯಲ್ಲಿ ಹೊರಗಿನ ನೆಲಕ್ಕೆ ಕೂಡಿಕೊಳ್ಳಬೇಕು. ಜಗಲಿ ಕಟ್ಟಿ ತುದಿಯನ್ನು ಗಾಳಿಯಲ್ಲಿ ಬಿಟ್ಟರೆ ಏನೂ ಪ್ರಯೋಜನವಿಲ್ಲ. ಇನ್ನೊಂದು ಸಮಸ್ಯೆ ಹೊರಬಾಯಿಯ ಕಾಂಕ್ರೀಟ್ ಹಾಸಿನದು. ನಾಲ್ಕೈದು ಮಳೆಗಾಲ ಕಳೆದರೆ ಹಾಸಿನ ತುದಿಯಲ್ಲಿ ನೀರು ಮಣ್ಣು ಕೊರೆದು ಒಂದೆರಡು ಅಡಿಯ ಧುಮುಕು ಹುಟ್ಟುತ್ತದೆ. ಕಡವೆ ಹಾರುತ್ತದೆ, ಆಮೆ ಮತ್ತು ಕಪ್ಪೆ ಹತ್ತಲಾರವು. ಹಾಸನ್ನು ಹಳ್ಳದ ತಳಕ್ಕಿಂತ ಕೆಳಗೆ ಹೂತು ಮೇಲೆ ಕಲ್ಲು–ಮರಳು ಹರಡಿದರೆ ಇದು ತಪ್ಪುತ್ತದೆ.

ರಸ್ತೆಯುದ್ದಕ್ಕೆ ಹೋಗುವ ನೇರ ಗೋಡೆಯ ಕಾಂಕ್ರೀಟ್ ಚರಂಡಿಯೂ ಇಷ್ಟೇ ಕೆಟ್ಟದ್ದು. ಮೊದಲ ಮಳೆಯ ರಾತ್ರಿ ಕಪ್ಪೆ, ಹಾವು, ಆಮೆ ಅದರೊಳಗೆ ಬಿದ್ದು ಮೇಲೇರಲಾಗದೆ ಉಳಿಯುತ್ತವೆ. ಅಲ್ಲಲ್ಲಿ ಕಾಡಿನ ಬದಿಗೆ ಒರಟು ಕಲ್ಲಿನ ಇಳಿಜಾರು ಬಿಡುವುದು ದುಬಾರಿ ಕೆಲಸವೇನಲ್ಲ, ನಕ್ಷೆಯಲ್ಲಿ ಬರೆದಿದ್ದರೆ ಸಾಕು.

ದಾರಿ ಸರಿಯಿದ್ದರೂ ಪ್ರಾಣಿ ಅಲ್ಲಿಗೆ ತಾನಾಗಿ ಬರುವುದಿಲ್ಲ. ಕೆನಡಾದ ಬ್ಯಾನ್ಫ್‌ನಲ್ಲಿ 44 ದಾರಿಗಳ ಜೊತೆ ಹೆದ್ದಾರಿಯುದ್ದಕ್ಕೂ 2.4 ಮೀಟರ್ ಬೇಲಿ ಇದೆ. ಪ್ರಾಣಿ ಡಿಕ್ಕಿಗಳು ಶೇ. 80ಕ್ಕೂ ಹೆಚ್ಚು ಇಳಿದದ್ದು ಎರಡೂ ಸೇರಿದ್ದಕ್ಕೆ. ನಮ್ಮಲ್ಲಿ ಅಷ್ಟುದ್ದದ ಬೇಲಿ ಆಗದು, ತೋಟದ ದಾರಿ, ಗದ್ದೆಯ ದಾರಿ, ಬಸ್ ನಿಲ್ದಾಣ ಎಲ್ಲವೂ ರಸ್ತೆಗೇ ತೆರೆಯುತ್ತವೆ. ಗಿಡ್ಡ ಬೇಲಿ ಹಾಕಿದರೆ ಪ್ರಾಣಿ ಬೇಲಿ ಮುಗಿಯುವಲ್ಲಿ ರಸ್ತೆಗೆ ಹತ್ತುತ್ತದೆ, ಅಪಘಾತದ ಜಾಗ ಅಲ್ಲಿಗೆ ಸರಿಯುತ್ತದೆ. ಹಾಗಾಗಿ ಬೇಲಿಯನ್ನು ಕಡಿದಾದ ಧರೆ, ಹೊಳೆ ಅಥವಾ ಇನ್ನೊಂದು ಸೇತುವೆಗೆ ತಂದು ಕೂಡಿಸಬೇಕು. ಬಾಯಿಯ ಮುಂದೆ ಸ್ಥಳೀಯ ಗಿಡಗಳ ಮರೆ ಇರಬೇಕು, ಮೇಲಿನ ಹೆಡ್‌ಲೈಟ್ ಕೆಳಗೆ ಬೀಳದಂತೆ ಸೇತುವೆಯ ಅಂಚಿಗೆ ತಡೆ ಬೇಕು. ಅಡಿಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸುವುದು, ಸಂಜೆ ಬಾಟಲಿ ಪಾರ್ಟಿ, ಕಸ ಸುರಿಯುವುದು ಶುರುವಾದರೆ ಮೇಲಿನ ಎಲ್ಲ ಲೆಕ್ಕವೂ ವ್ಯರ್ಥ.

ರೈಲಿನ ವಿಷಯ ಬೇರೆ. ಗಂಟೆಗೆ 100 ಕಿಲೋಮೀಟರ್ ವೇಗದ ರೈಲು ಸೆಕೆಂಡಿಗೆ 28 ಮೀಟರ್ ಓಡುತ್ತದೆ, ನಿಲ್ಲಲು ಅರ್ಧ ಕಿಲೋಮೀಟರಿಗೂ ಹೆಚ್ಚು ಬೇಕು. ತಿರುವಿನಲ್ಲಿ ಆನೆ ಕಂಡಾಗ ಚಾಲಕನ ಕೈಯಲ್ಲಿ ಉಳಿಯುವುದು ಹಾರ್ನ್ ಒಂದೇ. ಗುಡ್ಡ ಕಡಿದು ಹಳಿ ಹಾಕಿದಲ್ಲಿ ಅಪಾಯ ಹೆಚ್ಚು, ಎರಡೂ ಬದಿ ಧರೆ ಇರುವುದರಿಂದ ಹೆದರಿದ ಹಿಂಡು ಹಳಿಯ ಮೇಲೇ ಓಡುತ್ತದೆ. ಆನೆ ಇಳಿಯುವ ಜಾಗ ಗುರುತಿಸಿ ಧರೆಯನ್ನು ಎರಡೂ ಬದಿ ಇಳಿಜಾರು ಮಾಡುವುದು, ತಿರುವಿನ ಒಳಬದಿಯ ಪೊದೆ ಸವರುವುದು, ರಾತ್ರಿ ವೇಗ ತಗ್ಗಿಸುವುದು ಅಗ್ಗದ ಉಪಾಯಗಳು. ತಮಿಳುನಾಡಿನ ಮಧುಕ್ಕರೈ ಬಳಿ ಹಳಿಯಡಿ ಆನೆಗಳಿಗೆ ದಾರಿಯನ್ನೇ ಕಟ್ಟಿದ್ದಾರೆ.

ಮರದಿಂದ ಇಳಿಯದ ಜೀವಿಗಳಿಗೆ ಇವು ಯಾವುವೂ ಉಪಯೋಗವಿಲ್ಲ. ಶರಾವತಿ ಕಣಿವೆಯ ಸಿಂಗಳೀಕಕ್ಕೆ ಬೇಕಿರುವುದು ರಸ್ತೆಯ ಮೇಲೆ ಕೊಂಬೆಗೆ ಕೊಂಬೆ ತಾಗುವುದು. ಜೋಗದಿಂದ ಗೇರುಸೊಪ್ಪೆಗೆ ಇಳಿಯುವ ಘಾಟಿಯಲ್ಲಿ ಒಂದು ದೊಡ್ಡ ಮರ ಹೋದರೂ ದಾರಿ ತುಂಡಾಗುತ್ತದೆ. ಹಗ್ಗದ ತೂಗುಸೇತುವೆ ತಾತ್ಕಾಲಿಕ ಆಸರೆ, ಮರ ಬೆಳೆದು ಕೂಡುವವರೆಗೆ.

ಕಟ್ಟಿದ ಮೇಲೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಕಷ್ಟವಲ್ಲ. ಬಾಯಿಗೆ ಅಡ್ಡಲಾಗಿ ಒಂದೂವರೆ ಮೀಟರ್ ಅಗಲಕ್ಕೆ ಜರಡಿ ಹಿಡಿದ ಮರಳು ಹಾಸಿ, ಸಂಜೆ ಸಮ ಮಾಡಿ, ಬೆಳಗ್ಗೆ ಹೆಜ್ಜೆ ಓದುತ್ತಾರೆ. ಅದೇ ದಿನ ಮೇಲಿನ ರಸ್ತೆಯ ಅಂಚಿನ ಹೆಜ್ಜೆಯನ್ನೂ ನೋಡಬೇಕು. ಕೆಳಗೆ ಬಂದು ತಿರುಗಿದ ಹೆಜ್ಜೆ, ಮೇಲೆ ದಾಟಿದ ಹೆಜ್ಜೆ ಎರಡೂ ಸಿಕ್ಕರೆ ಅಳತೆಯಲ್ಲೋ ಬಾಯಿಯ ಮುಂದಿನ ನೆಲದಲ್ಲೋ ದೋಷವಿದೆ. ಮಳೆ ಹಿಡಿದರೆ ಮರಳು ಕೊಚ್ಚಿಹೋಗುತ್ತದೆ, ಕ್ಯಾಮೆರಾಕ್ಕೆ ತೇವ ಹಿಡಿಯುತ್ತದೆ. ಹಾಗಾಗಿ ಬೇಸಿಗೆಯ ಲೆಕ್ಕವನ್ನೇ ವರ್ಷದ ಲೆಕ್ಕವೆಂದು ಬರೆಯುವುದು ಸುಲಭ. ಕಪ್ಪೆ, ಹಾವುಗಳು ಹೆಚ್ಚು ಓಡಾಡುವ ಆ ನಾಲ್ಕು ತಿಂಗಳು ವರದಿಯಲ್ಲಿ ಬರುವುದೇ ಇಲ್ಲ.